ಕ್ವಾರ್ಟರ್ಸ್ ಬಿಡುವವನಿಗೆ ಪಾತ್ರೆ ಒಯ್ಯಲು ಬಿಡಬೇಡವೇ?



ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿಯೋ ಕಾಗದದ ಕಾರ್ಖಾನೆಯಲ್ಲಿಯೋ ದುಡಿದವರ ಮನೆಗಳಲ್ಲಿ ಬೆಳೆದ ನಿಮ್ಮಲ್ಲಿ ಅನೇಕರಿಗೆ ಕ್ವಾರ್ಟರ್ಸ್ ಬಿಟ್ಟ ದಿನದ ನೆನಪಿರಬಹುದು. ಸಾಮಾನು ಲಾರಿಗೆ ಏರುತ್ತಿತ್ತು, ಗೋಡೆಯ ಮೊಳೆಗಳನ್ನು ಕೀಳುತ್ತಿದ್ದರು, ಕೊನೆಯಲ್ಲಿ ಬೀಗದ ಕೈ ಒಪ್ಪಿಸಿ ಬರುತ್ತಿದ್ದರು. ಮನೆ ಕಂಪನಿಯದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಒಳಗಿನ ಒರಳುಕಲ್ಲು, ದೇವರ ಪಟ, ಮಕ್ಕಳ ಅಂಕಪಟ್ಟಿಗಳು ಸಂಸಾರದವೆಂಬುದರಲ್ಲೂ ಇರಲಿಲ್ಲ. ರಾಜೀನಾಮೆ ಕೊಟ್ಟ ಸಂಜೆಯೇ ಮನೆಗೆ ಬೆಂಕಿ ಹಚ್ಚಿ, 'ಮನೆ ನಮ್ಮದಲ್ಲವೇ?' ಎಂದು ಕೇಳಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಇಂದು ನಮ್ಮ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೆಚ್ಚುಕಡಿಮೆ ಅದನ್ನೇ ಕಂಡಿದ್ದೇನೆ. ಸುಟ್ಟದ್ದು ಮನೆಯನ್ನಲ್ಲ, ದೂರವಾಣಿಯನ್ನು.

ನನ್ನ ಸೋದರಳಿಯ ಇಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದ. ಕಾರ್ಖಾನೆಯ ಹೆಸರು ಇಲ್ಲಿ ಅನಗತ್ಯ. ಸೇರಿದ ದಿನವೇ ಕಂಪನಿ ಅವನಿಗೆ ಒಂದು ಫೋನನ್ನೂ ಸಿಮ್ಮನ್ನೂ ಕೊಟ್ಟಿತು. 'ಎರಡೆರಡು ಫೋನ್ ಯಾರು ಹೊರುತ್ತಾರೆ ಮಾವ?' ಎಂದು ಆತ ತನ್ನ ಹಳೆಯ ಸಂಖ್ಯೆಯನ್ನು ಕೈಬಿಟ್ಟ. ಐದು ವರ್ಷಗಳಲ್ಲಿ ಅವನ ಬ್ಯಾಂಕ್, ಆಧಾರ್, ಭವಿಷ್ಯನಿಧಿ, ಜಿಮೇಲ್, ವಾಟ್ಸ್‌ಆ್ಯಪ್ ಎಲ್ಲವೂ ಕಂಪನಿಯ ಆ ಸಂಖ್ಯೆಗೇ ಅಂಟಿಕೊಂಡವು. ಒಂದು ಶುಕ್ರವಾರ ಸಂಜೆ ರಾಜೀನಾಮೆಯ ಪತ್ರ ಕಳುಹಿಸಿದ. ಶನಿವಾರ ಬೆಳಿಗ್ಗೆ ನೋಡಿದರೆ ಫೋನು ಅಂಗಡಿಯಿಂದ ಆಗತಾನೇ ತಂದಂತೆ ಬರಿದಾಗಿತ್ತು. ಬೆಂಗಳೂರಿನಲ್ಲಿ ಕುಳಿತ ಯಾರೋ ಒಂದು ಗುಂಡಿ ಒತ್ತಿದ್ದರು. ಸೋಮವಾರ ಸಿಮ್ಮನ್ನೂ ಹಿಂದಕ್ಕೆ ಪಡೆದರು.

ಹೋದವುಗಳಲ್ಲಿ ಅವನ ಮಗಳ ಎರಡು ವರ್ಷದ ಛಾಯಾಚಿತ್ರಗಳಿದ್ದವು. ಬೇರೆಡೆ ಪ್ರತಿ ಉಳಿಸುವ ಸೌಲಭ್ಯವನ್ನು ಕಂಪನಿ ಆ ಫೋನಿನಲ್ಲಿ ಮುಚ್ಚಿತ್ತು. ಗತಿಸಿದ ನನ್ನ ಅಕ್ಕ, ಎಂದರೆ ಅವನ ತಾಯಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಿದ್ದ ಧ್ವನಿಸಂದೇಶಗಳೂ ಇದ್ದವು. 'ಊಟ ಆಯ್ತೇನೋ' ಎಂಬ ಅವಳ ದನಿಯನ್ನು ನನಗೂ ಆಗಾಗ ಕೇಳಿಸುತ್ತಿದ್ದ. ಅವು ಮರಳಿ ಬರಲಿಲ್ಲ.

ಈ ಸಂಗತಿಯನ್ನು ಮದುವೆಮನೆಯೊಂದರಲ್ಲಿ ಪ್ರಸ್ತಾಪಿಸಿದಾಗ ದೊಡ್ಡ ಹುದ್ದೆಯಲ್ಲಿರುವ ಬಂಧುವೊಬ್ಬರು, 'ಫೋನ್ ಕಂಪನಿಯದು, ಸೇರುವಾಗ ಸಹಿ ಹಾಕಿದ್ದಾನೆ, ಮುಗಿಯಿತು' ಎಂದರು. ಮುಗಿಯಲಿಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಕಂಪನಿಗೆ ಅಳಿಸುವ ಹಕ್ಕಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಗ್ರಾಹಕರ ನಕ್ಷೆಗಳು, ದರಪಟ್ಟಿಗಳು ಬಿಟ್ಟುಹೋಗುವವನ ಜೇಬಿನಲ್ಲಿ ಉಳಿಯಬಾರದು. ಫೋನು ಕಳವಾದರೆ ದೂರದಿಂದಲೇ ಅಳಿಸುವುದು ಅವರ ಕರ್ತವ್ಯವೂ ಹೌದು. ನನ್ನ ತಕರಾರು ಇರುವುದು ವೇಳೆ ಮತ್ತು ವಿಧಾನಗಳ ಬಗ್ಗೆ. ನೋಟಿಸ್ ಅವಧಿಯಲ್ಲಿ ಇನ್ನೂ ಒಂದು ತಿಂಗಳು ದುಡಿಯಬೇಕಾದವನಿಗೆ ಒಂದು ಗಂಟೆಯನ್ನೂ ಕೊಡದೆ ಅಳಿಸುವ ಅಗತ್ಯವೇನಿತ್ತು? ಆಂಡ್ರಾಯ್ಡ್‌ನಲ್ಲಿ 'ವರ್ಕ್ ಪ್ರೊಫೈಲ್' ಎಂಬ ಏರ್ಪಾಟಿದೆ. ಅದು ಮನೆಯ ನಡುವೆ ಗೋಡೆ ಕಟ್ಟಿದಂತೆ: ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಕೈಪೆಟ್ಟಿಗೆಯ ಗುರುತಿರುತ್ತದೆ, ಉಳಿದದ್ದು ನೌಕರನ ಖಾಸಗಿ ಭಾಗ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದೀಚೆಗೆ, ಕಂಪನಿಯೇ ಕೊಂಡ ಫೋನಿನಲ್ಲಿಯೂ ಈ ಗೋಡೆ ಇನ್ನಷ್ಟು ಗಟ್ಟಿಯಾಗಿದೆ. ಕಂಪನಿ ಬಯಸಿದರೆ ತನ್ನ ಕೋಣೆಯನ್ನಷ್ಟೇ ತೆರವು ಮಾಡಬಹುದು. ಇಡೀ ಫೋನನ್ನು ಅಳಿಸುವ ಅಧಿಕಾರ ಆಗಲೂ ಅದರ ಕೈಯಲ್ಲೇ ಇರುತ್ತದೆ ಎಂಬುದು ನಿಜ. ಆದರೆ ಚಲಾಯಿಸಲೇಬೇಕೆಂಬ ನಿಯಮವಿಲ್ಲ. ಗೋಡೆಯಿಲ್ಲದ ಮನೆಯನ್ನು ಆಯ್ದುಕೊಂಡವರು 'ಬೇರೆ ದಾರಿಯಿರಲಿಲ್ಲ' ಎನ್ನುವುದು ನನಗೆ ಒಪ್ಪಿಗೆಯಾಗದು.

ಕಾನೂನು ಕಾಪಾಡುವುದೇ ಎಂದು ಕೇಳುವಿರಿ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿಯೇ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಅನುಮತಿಯಿಲ್ಲದೆ ಮಾಹಿತಿ ಅಳಿಸುವುದರ ವಿರುದ್ಧ ಇರುವ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಕೇಳುವುದು ಯಂತ್ರದ ಒಡೆಯನ ಇಲ್ಲವೇ ಅದರ ಉಸ್ತುವಾರಿ ಹೊತ್ತವನ ಅನುಮತಿಯನ್ನು. ಇಲ್ಲಿ ಒಡೆಯ ಕಂಪನಿಯೇ. ಸ್ಟೋರ್ಸ್ ಗುಮಾಸ್ತನೊಬ್ಬ ಈ ವಾದವನ್ನು ಕೋರ್ಟಿನಲ್ಲಿ ಎಷ್ಟು ವರ್ಷ ಹೊತ್ತು ತಿರುಗಿಯಾನು?

ಚಿತ್ರಗಳ ನಷ್ಟಕ್ಕಿಂತ ಅಪಾಯಕಾರಿಯಾದದ್ದು ಸಂಖ್ಯೆಯ ನಷ್ಟ. ಇದನ್ನು ನಾವು ಸೋಮವಾರ ಗಮನಿಸಲಿಲ್ಲ. ಸಾಮಾನ್ಯವಾಗಿ ರದ್ದಾದ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಆದರೆ ಕಂಪನಿಯ ಸಿಮ್ ರದ್ದಾಗುವುದೇ ಇಲ್ಲ; ಅದು ನೇರವಾಗಿ ಮುಂದಿನ ನೌಕರನ ಕೈ ಸೇರುತ್ತದೆ. ಹದಿನೈದು ದಿನಗಳ ನಂತರ, ಅವನ ಜಾಗಕ್ಕೆ ಬಂದ ಹುಡುಗನೇ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಹೇಳಿಕಳುಹಿಸಿದ: 'ನಿಮ್ಮ ಬ್ಯಾಂಕಿನ ಒಟಿಪಿಗಳೆಲ್ಲ ನನಗೆ ಬರುತ್ತಿವೆ.' ಆ ಹುಡುಗ ಸಜ್ಜನನಾದದ್ದು ನಮ್ಮ ಪುಣ್ಯ.

ಜಿಮೇಲ್‌ನ ಪಾಸ್‌ವರ್ಡ್ ಅವನಿಗೆ ನೆನಪಿತ್ತು, ಎರಡನೆಯ ಹಂತದ ಸಂಕೇತ ಮಾತ್ರ ಕಂಪನಿಯ ಸಂಖ್ಯೆಗೇ ಹೋಗುತ್ತಿತ್ತು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆತ ಎಂದೋ ಲಾಗಿನ್ ಆಗಿ, ಮತ್ತೆ ಸಂಕೇತ ಕೇಳಬೇಡವೆಂದು ಗುರುತು ಹಾಕಿದ್ದರಿಂದ ಬಾಗಿಲು ತೆರೆಯಿತು. ಅದರಿಂದಲೇ ಹೊಸ ಸಂಖ್ಯೆಯನ್ನು ಸೇರಿಸಿದೆವು. ಆ ಕಂಪ್ಯೂಟರನ್ನು ಗುಜರಿಗೆ ಹಾಕೆಂದು ನಾನೇ ಎರಡು ಸಲ ಹೇಳಿದ್ದೆ!

ಇದಾದ ಎರಡು ತಿಂಗಳಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಆಕೆಯೂ ಇದೇ ಪ್ರದೇಶದ ಮತ್ತೊಂದು ಕಂಪನಿಯಲ್ಲಿದ್ದು ಕೆಲಸ ಬಿಡುವವಳಿದ್ದಳು. 'ಸರ್, ನನ್ನದೂ ಕಂಪನಿ ಫೋನೇ' ಎಂದಳು. ಪತ್ರ ಕೊಡುವುದನ್ನು ಎರಡು ವಾರ ತಡೆದುಕೋ ಎಂದೆ. ಸೆಟ್ಟಿಂಗ್ಸ್ ತೆರೆದು ನೋಡಿದೆವು: `This device belongs to your organization` ಎಂದಿತ್ತು. ಕೈಪೆಟ್ಟಿಗೆಯ ಗುರುತು ಎಲ್ಲಿಯೂ ಇರಲಿಲ್ಲ. ಎಂದರೆ ಗೋಡೆಯಿಲ್ಲದ ಮನೆ, ಇಡಿಯಾಗಿ ಕಂಪನಿಯ ಹಿಡಿತದಲ್ಲಿ.

ಆಕೆ ಮೊದಲು ತನ್ನ ಹೆಸರಿನಲ್ಲಿ ಒಂದು ಸಿಮ್ಮನ್ನೂ ಒಂದು ಸಾಧಾರಣ ಫೋನನ್ನೂ ಕೊಂಡಳು. ನಂತರ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು, 75 ರೂಪಾಯಿ ಕಟ್ಟಿ ಹೊಸ ಸಂಖ್ಯೆಯನ್ನು ಸೇರಿಸಿದಳು. ಇದಕ್ಕೆ ಹಳೆಯ ಸಂಖ್ಯೆಯ ಒಟಿಪಿ ಬೇಕಿಲ್ಲ, ಆದರೆ ಬದಲಾವಣೆ ಅಂದೇ ಆಗದು. ಅವಳಿಗೆ ಐದು ದಿನ ಹಿಡಿಯಿತು. ಆಧಾರನ್ನು ಮೊದಲಿಟ್ಟದ್ದಕ್ಕೆ ಕಾರಣವಿದೆ: ಭವಿಷ್ಯನಿಧಿ ತೆಗೆಯುವ ಅರ್ಜಿಗೂ ಡಿಜಿಲಾಕರಿಗೂ ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ಸಂಖ್ಯೆಗೇ. ಬ್ಯಾಂಕಿಗೆ ಶಾಖೆಯಲ್ಲಿಯೇ ಅರ್ಜಿ ಬರೆದುಕೊಟ್ಟಳು. ಜಿಮೇಲ್‌ನ ಸಂಖ್ಯೆಯನ್ನು ಮೊದಲ ವಾರದಲ್ಲಿಯೇ ಬದಲಿಸಿದ್ದು ಒಳ್ಳೆಯದಾಯಿತು. ಬದಲಿಸಿದ ನಂತರವೂ ಏಳು ದಿನಗಳವರೆಗೆ ಗೂಗಲ್ ಹಳೆಯ ಸಂಖ್ಯೆಗೇ ಸಂಕೇತ ಕಳುಹಿಸುವ ಅವಕಾಶವನ್ನು ಇಟ್ಟಿರುತ್ತದೆ. ಕೊನೆಯ ದಿನ ಬದಲಿಸಿದರೆ ಆ ಏಳು ದಿನ ಬಾಗಿಲ ಕೀಲಿ ಪರರ ಕೈಯಲ್ಲಿ.

ವಾಟ್ಸ್‌ಆ್ಯಪ್‌ನಲ್ಲಿ ಅವಸರ ಕೂಡದು. ಹಳೆಯ ಫೋನಿನಲ್ಲಿಯೇ `Settings > Account > Change number` ತೆರೆದು ಹೊಸ ಸಂಖ್ಯೆಯನ್ನು ಕೊಟ್ಟಳು. ಸಂಕೇತ ಹೊಸ ಸಿಮ್ಮಿಗೆ ಬಂತು, ಸಂಭಾಷಣೆಗಳು ಇದ್ದಲ್ಲೇ ಉಳಿದವು. ಆನಂತರವೇ `Transfer chats` ಮೂಲಕ ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು ಸಾಗಿಸಿದಳು. ಸಂಕೇತ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ನಲ್ಲಿಯೂ `Transfer accounts > Export accounts` ಎಂಬುದಿದೆ. ಕಚೇರಿಯ ಖಾತೆಯ ಗುರುತನ್ನು ತೆಗೆದು, ತನ್ನ ಖಾತೆಗಳನ್ನಷ್ಟೇ ಹೊಸ ಫೋನಿಗೆ ಒಯ್ದಳು. ಹೊಸ ಫೋನಿನ ಸಂಕೇತದಿಂದ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆಯೇ ಹಳೆಯದರಲ್ಲಿ ಅಳಿಸಿದಳು.

ಛಾಯಾಚಿತ್ರಗಳ ವಿಷಯದಲ್ಲಿ ತಡೆ ಎದುರಾಯಿತು. ಕೇಬಲ್ ಮೂಲಕ ಏನನ್ನೂ ಹೊರತೆಗೆಯಲಾಗದಂತೆ ಕಂಪನಿ ಮಾಡಿತ್ತು. ಇಂಥಲ್ಲಿ ಜಾಣತನ ಮಾಡಹೋಗಬಾರದು. ನಿಯಂತ್ರಣದ ಆ್ಯಪನ್ನು ಕಿತ್ತುಹಾಕಲು ಹೊರಟರೆ ಫೋನು ಇಡಿಯಾಗಿ ಅಳಿಸಿಹೋಗಬಹುದು. ಅಡ್ಡದಾರಿಯಲ್ಲಿ ಕಡತ ಸಾಗಿಸಿದರೆ, ಮಗುವಿನ ಚಿತ್ರವೇ ಆಗಿದ್ದರೂ, ದಾಖಲೆಯಲ್ಲಿ ಅದು ಕಳ್ಳತನದಂತೆ ಕಾಣುತ್ತದೆ. ಆಕೆ ಕಂಪ್ಯೂಟರ್ ವಿಭಾಗಕ್ಕೆ ಲಿಖಿತವಾಗಿ ಕೇಳಿಕೊಂಡಳು: 'ನನ್ನ ಕುಟುಂಬದ ಚಿತ್ರಗಳನ್ನು ನಿಮ್ಮ ಎದುರಿನಲ್ಲೇ ಪ್ರತಿ ಮಾಡಿಕೊಳ್ಳಲು ಒಂದು ಗಂಟೆ ಕೊಡಿ.' ಕೊಟ್ಟರು. ಕೇಳಿದರೆ ಕೊಡುವವರೂ ಇದ್ದಾರೆ. ಕೇಳದೆಯೂ ಕೊಡಬೇಕಾದದ್ದು ಎಂಬುದು ನನ್ನ ವಾದ.

ಒಪ್ಪಿಸುವ ಹಿಂದಿನ ದಿನ ಆಕೆ ಫೋನನ್ನು ತಾನೇ ಅಳಿಸಿಬಿಡುತ್ತೇನೆಂದಳು. ಬೇಡವೆಂದೆ. ವೈಯಕ್ತಿಕ ಗೂಗಲ್ ಖಾತೆಯನ್ನು ತೆಗೆಯದೆ ಗುಂಡಿಗಳನ್ನು ಅದುಮಿ ರೀಸೆಟ್ ಮಾಡಿದರೆ, ಫೋನು ಮತ್ತೆ ತೆರೆದಾಗ ಅದೇ ಖಾತೆಯ ಪಾಸ್‌ವರ್ಡನ್ನು ಕೇಳಬಹುದು. ಐಫೋನಿನಲ್ಲಿ `Find My` ಆರಿಸದೆ ಕೊಟ್ಟರೂ ಇದೇ ಗತಿ. ಆಗ ಕಂಪನಿ 'ಪಾಸ್‌ವರ್ಡ್ ಹೇಳಿ' ಎಂದು ಬೆನ್ನು ಹತ್ತುತ್ತದೆ, ಲೆಕ್ಕ ಚುಕ್ತಾ ಮಾಡುವುದು ನಿಲ್ಲುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ತನ್ನ ಖಾತೆಯನ್ನಷ್ಟೇ ತೆಗೆದಳು; ಫೋನಿನಿಂದ ತೆಗೆದರೆ ಖಾತೆ ಅಳಿಯುವುದಿಲ್ಲ. ಹೊಸ ಫೋನಿನಲ್ಲಿ ಗೂಗಲ್ ಖಾತೆಯ `Your devices` ತೆರೆದು, ಹಳೆಯದು ಅಲ್ಲಿ ಸೈನ್ ಔಟ್ ಆಗಿರುವುದನ್ನು ಖಚಿತಪಡಿಸಿಕೊಂಡಳು. ಅಳಿಸುವ ಕೆಲಸವನ್ನು ಕಂಪನಿಗೇ ಬಿಟ್ಟು, ಫೋನು ಮತ್ತು ಸಿಮ್ ಎರಡಕ್ಕೂ ರಶೀದಿ ಪಡೆದಳು.

ಆಕೆಯ ತಂದೆ ಕಾಗದದ ಕಾರ್ಖಾನೆಯಲ್ಲಿದ್ದವರು. ರಶೀದಿಯನ್ನು ನನಗೆ ತೋರಿಸುತ್ತಾ, 'ಅಪ್ಪ ಕ್ವಾರ್ಟರ್ಸ್ ಬಿಟ್ಟಾಗಲೂ ಹೀಗೇ ಒಂದು ಚೀಟಿ ಕೊಟ್ಟಿದ್ದರು ಸರ್, ಮನೆಯಲ್ಲಿ ಇನ್ನೂ ಇದೆ' ಎಂದಳು. ಅಂದು ಸಂಜೆ ನನ್ನ ಸೋದರಳಿಯನಿಗೆ ಫೋನು ಮಾಡಿ ಈ ವಿಷಯವನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾವ, ಅಮ್ಮ ನಿಮಗೆ ಕಳಿಸಿದ ಮೆಸೇಜ್ ಏನಾದರೂ ನಿಮ್ಮ ಫೋನಿನಲ್ಲಿ ಉಳಿದಿದೆಯೇ?' ಎಂದು ಕೇಳಿದ. ಹುಡುಕಿದೆ. ಒಂದಿತ್ತು, ಹನ್ನೊಂದು ಸೆಕೆಂಡಿನದು, ಗ್ಯಾಸ್ ಸಿಲಿಂಡರ್ ಬಂದಿತೇ ಎಂದು ವಿಚಾರಿಸಿದ್ದು. ಅದನ್ನೇ ಕಳುಹಿಸಿಕೊಟ್ಟೆ.