ಬ್ರಾಕೆಟ್ಟಿನ ಹೊಟ್ಟೆಯೊಳಗೆ ಜೇನುಗೂಡು ಯಾಕೆ ಸ್ವಾಮಿ?

ಮೊನ್ನೆ ಮತ್ತೊಂದು ಫೋಟೋ ಬಂತು. ಹಳೆಯ ಕ್ಲಾಸ್‌ಮೇಟ್ ಒಬ್ಬ ಕಳಿಸಿದ್ದು. ಒಂದು ಲೋಹದ ಬ್ರಾಕೆಟ್, ಮೈತುಂಬಾ ಸಣ್ಣ ಸಣ್ಣ ಕಡ್ಡಿಗಳ ಜಾಲರಿ, ನೋಡಲು ಕಸೂತಿ ಹಾಕಿದ ಹಾಗೆ. ಕೆಳಗೆ ಅದೇ ಮಾಮೂಲಿ ಸಾಲು: “ಪ್ರಕೃತಿಯಿಂದ ಕಲಿತ ವಿನ್ಯಾಸ, ಮೂಳೆಯಂತೆ ಹಗುರ, ಮೂಳೆಯಂತೆ ಗಟ್ಟಿ.” ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕುತ್ತಿರುವುದು ಸಾಫ್ಟ್‌ವೇರ್. ಹಾಗಾಗಿ ಇಂಥವನ್ನು ನೋಡಿ ಸುಮ್ಮನಿರಬಹುದಿತ್ತು. ಆದರೆ ಇದು ಈ ತಿಂಗಳಲ್ಲಿ ಮೂರನೆಯದು, ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿಬಿಡುತ್ತೇನೆ, ಕ್ಷಮಿಸಿ :-)

ಮೊದಲು ಮೂಳೆಯ ಮಾತೇ ಆಗಲಿ. ತೊಡೆಯ ಮೂಳೆಯನ್ನು ಮಧ್ಯದಲ್ಲಿ ಅಡ್ಡ ಕತ್ತರಿಸಿದರೆ ಕಾಣುವುದು ಜಾಲರಿಯಲ್ಲ, ದಪ್ಪ ಗೋಡೆಯ ಕೊಳವೆ. ಸ್ಪಂಜಿನಂಥ ಭಾಗ ಇರುವುದು ಹೆಚ್ಚಾಗಿ ತುದಿಗಳಲ್ಲಿ, ಕೀಲಿನ ಹತ್ತಿರ. ಅಲ್ಲಿ ಭಾರ ಒಂದೇ ದಿಕ್ಕಿನಿಂದ ಬರುವುದಿಲ್ಲ. ಕೂತರೆ ಒಂದು ಕಡೆಯಿಂದ, ಓಡಿದರೆ ಇನ್ನೊಂದು ಕಡೆಯಿಂದ. ನಮ್ಮ ಬಿದಿರನ್ನೇ ನೋಡಿ. ಒಳಗೆ ಪೊಳ್ಳು, ಅಲ್ಲಲ್ಲಿ ಗೆಣ್ಣು, ನಾರೆಲ್ಲ ಹೊರಮೈ ಕಡೆಗೇ ಒತ್ತಾಗಿ ಸೇರಿಕೊಂಡಿರುತ್ತದೆ. ಪ್ರಕೃತಿಯಿಂದ ಕಲಿಯುವುದಾದರೆ ಪೂರ್ತಿ ಕಲಿಯಿರಿ, ಅರ್ಧ ಪಾಠ ಕೇಳಿ ಎದ್ದು ಹೋಗಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಟೋಪಾಲಜಿ ಆಪ್ಟಿಮೈಸೇಷನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಸಾಲು. ಒಂದು ಡಬ್ಬಿಯಷ್ಟು ಜಾಗ ಕೊಟ್ಟು, ಎಲ್ಲಿ ಬೋಲ್ಟ್, ಎಲ್ಲಿ ಭಾರ ಅಂತ ಹೇಳಿ, “ಇದರಲ್ಲಿ ಅರ್ಧ ವಸ್ತು ಮಾತ್ರ ಬಳಸು, ಆದಷ್ಟೂ ಬಗ್ಗದ ಹಾಗೆ ಹಂಚು” ಎಂದು ಕಂಪ್ಯೂಟರಿಗೆ ಒಪ್ಪಿಸುವುದು. ಅದು ಡಬ್ಬಿಯನ್ನು ಸಾವಿರಾರು ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ 0ಯಿಂದ 1ರವರೆಗೆ ಒಂದು ಸಾಂದ್ರತೆ ಕೊಡುತ್ತಾ, ತಿದ್ದುತ್ತಾ ಹೋಗುತ್ತದೆ. ಓಲೆ ಸಿಗ್ಮಂಡ್ 2001ರಲ್ಲಿ ಪ್ರಕಟಿಸಿದ 99 ಸಾಲಿನ ಮ್ಯಾಟ್‌ಲ್ಯಾಬ್ ಪ್ರೋಗ್ರಾಮಿನಲ್ಲಿ ಇದಿಷ್ಟೂ ಇದೆ. ಓಡಿಸುವುದು ಹೀಗೆ:

```
top(60,20,0.5,3.0,1.5)
```

60 ಗುಣಿಸು 20 ಚೌಕ, ಅರ್ಧ ವಸ್ತು. ಜಗಳ ಇರುವುದು ನಾಲ್ಕನೆಯ ಸಂಖ್ಯೆಯಲ್ಲಿ, ಆ 3.0. ಅರ್ಧ ತುಂಬಿದ ಚೌಕದ ಬಿಗಿತ ಅರ್ಧವಲ್ಲ, 0.5ರ ಘನ, ಅಂದರೆ ಎಂಟನೇ ಒಂದು ಪಾಲು ಮಾತ್ರ ಎಂದು ಲೆಕ್ಕ ಹಿಡಿಯುವುದಕ್ಕೆ ಅದು. ಹೀಗೆ ದಂಡ ಹಾಕಿದಾಗ ಬೂದು ಬಣ್ಣದ ಚೌಕಗಳು ಲಾಭವಿಲ್ಲದೆ ಮಾಯವಾಗಿ ಕಪ್ಪು ಬಿಳುಪಿನ ಸ್ಪಷ್ಟ ಆಕಾರ ಉಳಿಯುತ್ತದೆ.

ಜಾಲರಿ ಭಕ್ತರ ವಾದ ಶುರುವಾಗುವುದು ಇಲ್ಲಿಂದ. “3ರ ಬದಲು 1 ಹಾಕಿ ನೋಡು, ಉತ್ತರ ಇನ್ನೂ ಬಿಗಿಯಾಗಿ ಬರುತ್ತೆ. ಬೂದು ಬಂದರೆ ಬರಲಿ, ಆ ಜಾಗಕ್ಕೆ ಲ್ಯಾಟಿಸ್ ತುಂಬಿದರಾಯಿತು, ಈಗ ಪ್ರಿಂಟರ್ ಇದೆಯಲ್ಲ!” 1 ಹಾಕಿದರೆ ಉತ್ತರ ಹೆಚ್ಚು ಬಿಗಿ ಎನ್ನುವುದು ನಿಜ. ಆದರೆ 1 ಹಾಕುವುದು ಎಂದರೆ “ಅರ್ಧ ತೂಕದ ವಸ್ತು ಅರ್ಧ ಬಿಗಿತ ಕೊಡುತ್ತದೆ” ಎಂದು ನಂಬುವುದು. ಅರ್ಧ ದಪ್ಪದ ತಗಡು ಅದರದೇ ಸಮತಲದಲ್ಲಿ ಎಳೆದಾಗ ಹಾಗೆ ಕೊಡುತ್ತದೆ, ಸರಿ. ಜಾಲರಿ ಕೊಡುವುದಿಲ್ಲ. ಕಡ್ಡಿಗಳು ಬಾಗುವ ಮೂಲಕ ಭಾರ ಹೊರುವ ಜಾಲರಿಯ ಬಿಗಿತ ಹೆಚ್ಚುಕಡಿಮೆ ಸಾಂದ್ರತೆಯ ವರ್ಗದಂತೆ ಇಳಿಯುತ್ತದೆ. 30% ತುಂಬಿದರೆ 0.3² = 0.09. ಮೂವತ್ತು ರೂಪಾಯಿ ಕೊಟ್ಟು ಒಂಬತ್ತು ರೂಪಾಯಿಯ ಸಾಮಾನು! ಅದೇ 30% ವಸ್ತುವನ್ನು ಭಾರದ ದಿಕ್ಕಿನಲ್ಲೇ ನೇರ ಸರಳುಗಳಾಗಿ ಇಟ್ಟರೆ ಆ ದಿಕ್ಕಿಗೆ ಪೂರ್ತಿ 30 ಸಿಗುತ್ತದೆ.

ಕಾರಣ ಸರಳ. ಜಾಲರಿ ತನ್ನ ವಸ್ತುವನ್ನು ಎಲ್ಲ ದಿಕ್ಕಿಗೂ ಹಂಚುತ್ತದೆ. ಬ್ರಾಕೆಟ್ಟಿಗೆ ಭಾರ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಎಲ್ಲ ದಿಕ್ಕಿಗೂ ಕಾವಲುಗಾರರನ್ನು ನಿಲ್ಲಿಸುವುದಕ್ಕೆ ಏನೆನ್ನಬೇಕೋ!

ಇದು ಬರೀ ಪುಸ್ತಕದ ಬದನೆಕಾಯಿ ಅನ್ನುವವರಿಗಾಗಿ ನಮ್ಮ ರೂಮಿನ ಕತೆ. ರೂಮ್‌ಮೇಟ್ ಬಾಲ್ಕನಿಯಲ್ಲಿ ಹೂಕುಂಡ ನೇತುಹಾಕಲು ಪ್ಲಾಸ್ಟಿಕ್ ಬ್ರಾಕೆಟ್ ಪ್ರಿಂಟ್ ಮಾಡಿದ. ಕೈ 20 ಗುಣಿಸು 20 ಮಿ.ಮೀ., ಎರಡು ಸುತ್ತು ಗೋಡೆ, ಒಳಗೆ 40% ಇನ್‌ಫಿಲ್. ಕುಂಡ ಹಾಕಿದ ಮೇಲೆ ಅದು ನಮಸ್ಕಾರ ಮಾಡುವ ಹಾಗೆ ಬಾಗಿತು. “ಇನ್‌ಫಿಲ್ 60 ಮಾಡ್ತೀನಿ ತಡಿ” ಅಂದ. ಪೆನ್ನು ತಗೋ ಅಂದೆ.

ಒಂದು ಗೋಡೆಯ ಎಳೆ 0.45 ಮಿ.ಮೀ. ಎರಡು ಸುತ್ತಿಗೆ 0.9. ಮೇಲೆ ಕೆಳಗಿನ ಪದರವೂ ಅಷ್ಟೇ ದಪ್ಪ ಎಂದುಕೊಂಡರೆ ಗೋಡೆಗೆ ಸುಮಾರು 69 ಚದರ ಮಿ.ಮೀ., ಇನ್‌ಫಿಲ್ಲಿಗೆ 132, ಒಟ್ಟು 201. ಈಗ ಅದೇ 201ರಲ್ಲಿ ಐದು ಸುತ್ತು ಗೋಡೆ ಹಾಕಿದರೆ ಗೋಡೆಗೇ 160 ಹೋಗುತ್ತದೆ, ಉಳಿದದ್ದರಲ್ಲಿ 17% ಇನ್‌ಫಿಲ್ ಬರುತ್ತದೆ. ತೂಕ ಒಂದೇ. ಬಾಗುವಿಕೆ ತಡೆಯುವ ಲೆಕ್ಕದಲ್ಲಿ ಮೊದಲನೆಯದಕ್ಕೆ ಗೋಡೆಯಿಂದ 4190, ಇನ್‌ಫಿಲ್ಲಿನಿಂದ 1460, ಒಟ್ಟು ಸುಮಾರು 5650. ಎರಡನೆಯದಕ್ಕೆ ಗೋಡೆಯಿಂದಲೇ 8520, ಇನ್‌ಫಿಲ್ಲಿನಿಂದ ಬರೀ 140, ಒಟ್ಟು 8660. ಅಷ್ಟೇ ಪ್ಲಾಸ್ಟಿಕ್, ಒಂದೂವರೆ ಪಟ್ಟು ಬಿಗಿತ. ಬಾಗಿದಾಗ ಹೊರಮೈ ದುಡಿಯುತ್ತದೆ, ನಡುವಿನದು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಇದಕ್ಕೇ ಐ-ಬೀಮಿಗೆ ಆ ಆಕಾರ. ಹೊಸದನ್ನು ಪ್ರಿಂಟ್ ಮಾಡಿ ಹಾಕಿದೆವು. ಲೆಕ್ಕದಷ್ಟು ಕರಾರುವಾಕ್ಕಾಗಿ ಅಲ್ಲದಿದ್ದರೂ ಬಾಗು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

“ಅದು ಪ್ಲಾಸ್ಟಿಕ್, ವಿಮಾನದ ಮಾತೇ ಬೇರೆ” ಅನ್ನುವವರಿಗೆ ಇನ್ನೊಂದು. 2013ರಲ್ಲಿ ಜಿಇ ಕಂಪನಿ ಗ್ರಾಬ್‌ಕ್ಯಾಡ್ ಮೂಲಕ ಜೆಟ್ ಎಂಜಿನ್ನಿನ ಒಂದು ಟೈಟಾನಿಯಂ ಬ್ರಾಕೆಟ್ಟನ್ನು ಹಗುರ ಮಾಡುವ ಸ್ಪರ್ಧೆ ಇಟ್ಟಿತ್ತು. ಮೂಲದ ತೂಕ 2033 ಗ್ರಾಂ. ನೇರ ಮೇಲಕ್ಕೆ 8000 ಪೌಂಡ್, ಅಡ್ಡಲಾಗಿ 8500, ಓರೆಯಾಗಿ 9500, ಮೇಲೆ ಒಂದು ತಿರುಚು. ನಾಲ್ಕನ್ನೂ ತಾಳಬೇಕು. ಗೆದ್ದವರು ಇಂಡೋನೇಷ್ಯಾದ ಎಂ. ಆರಿ ಕುರ್ನಿಯವಾನ್, 327 ಗ್ರಾಂ! ಅದರ ಚಿತ್ರ ಹುಡುಕಿ ನೋಡಿ. ತೆಳು ಗೋಡೆ, ಗಟ್ಟಿ ಕಾಲುಗಳು. ಕಸೂತಿ ಎಲ್ಲೂ ಇಲ್ಲ.

ಲೋಹದ ಜಾಲರಿಗೆ ಇನ್ನೊಂದು ಕಷ್ಟವಿದೆ, ಫೋಟೋದಲ್ಲಿ ಅದು ಕಾಣುವುದಿಲ್ಲ. ಪುಡಿಯನ್ನು ಲೇಸರಿನಿಂದ ಕರಗಿಸುವಾಗ ಓರೆ ಕಡ್ಡಿಗಳ ಕೆಳಮೈಗೆ ಅರೆಕರಗಿದ ಕಣಗಳು ಅಂಟಿ ಒರಟಾಗುತ್ತದೆ. ಕಂಪನ ಇರುವ ಕಡೆ ಬಿರುಕು ಹುಟ್ಟುವುದು ಇಂಥ ಒರಟು ಜಾಗದಲ್ಲೇ. ಗಟ್ಟಿ ಕಾಲಾದರೆ ಉಜ್ಜಿ ನಯ ಮಾಡಬಹುದು, ಬಣ್ಣ ಹಾಕಿ ಬಿರುಕು ಹುಡುಕಬಹುದು. ಜಾಲರಿಯ ಒಳಗಿನ ನೂರಾರು ಕಡ್ಡಿಗಳಿಗೆ ಯಾರ ಕೈ ಹೋಗುತ್ತದೆ? ಸಿ.ಟಿ. ಸ್ಕ್ಯಾನೇ ಗತಿ. ಒಳಗೆ ಸಿಕ್ಕಿಕೊಂಡ ಪುಡಿ ಹೊರಬರದಿದ್ದರೆ ಉಳಿಸಿದ ತೂಕವೂ ಗೋವಿಂದ.

ಅಂದ ಹಾಗೆ, ಜಾಲರಿ ಎಲ್ಲಿಯೂ ಬೇಡ ಅಂತ ನಾನು ಹೇಳುತ್ತಿಲ್ಲ. ಮೂಳೆಯ ಒಳಗೆ ಬೆಳೆದು ಸೇರಿಕೊಳ್ಳಬೇಕಾದ ಇಂಪ್ಲಾಂಟ್, ಪೆಟ್ಟು ನುಂಗಬೇಕಾದ ಹೆಲ್ಮೆಟ್ಟಿನ ಒಳಪದರ, ಶಾಖ ಹೊರಹಾಕುವ ಭಾಗ, ಅಲ್ಲೆಲ್ಲ ಅದರ ಕೆಲಸ ಅದಕ್ಕಿದೆ. ಬ್ರಾಕೆಟ್ಟಿನಲ್ಲೂ ಒಂದು ನಿಜವಾದ ಸಂದರ್ಭ ಉಂಟು. ತೆಳು ಕಾಲೊಂದು ಒತ್ತಡಕ್ಕೆ ಸಿಕ್ಕಿ ಮುರಿಯುವ ಮೊದಲೇ ಪಕ್ಕಕ್ಕೆ ಬಳುಕಿ ಮಡಚಿಕೊಳ್ಳುವುದು, ಅದೇ ಬಕ್ಲಿಂಗ್. ಕ್ಲಾಸೆನ್, ಆಗೆ ಮತ್ತು ಅದೇ ಸಿಗ್ಮಂಡ್ 2016ರಲ್ಲಿ ತೋರಿಸಿದ್ದು ಇದನ್ನೇ: ಹೊರಗೆ ಗಟ್ಟಿ ಚರ್ಮ, ಒಳಗೆ ಜಾಲರಿ ಇಟ್ಟರೆ ಕಾಲು ದಪ್ಪಗಾಗಿ ಬಿಗಿತ ಕಡಿಮೆಯಾಗುತ್ತದೆ, ಆದರೆ ಬಕ್ಲಿಂಗ್ ತಾಳುವ ಶಕ್ತಿ ಹಲವು ಪಟ್ಟು ಏರುತ್ತದೆ. ಅಂದರೆ ಬಿಗಿತ ಕೊಟ್ಟು ಇನ್ನೇನನ್ನೋ ಕೊಂಡುಕೊಂಡ ಹಾಗೆ. ನನ್ನ ತಕರಾರು ಇಷ್ಟೇ, ಆ ವ್ಯಾಪಾರದ ಲೆಕ್ಕ ತೋರಿಸಿ. ಬಕ್ಲಿಂಗ್ ಲೆಕ್ಕ ಮಾಡಿದ್ದೀರಾ? ಅದೇ ತೂಕದ ಗಟ್ಟಿ ವಿನ್ಯಾಸದ ಪಕ್ಕದಲ್ಲಿ ಇಟ್ಟು ಅಳೆದಿದ್ದೀರಾ?

ಇದನ್ನೇ ಆ ಕ್ಲಾಸ್‌ಮೇಟಿಗೂ ಕೇಳಿದೆ. “ಹೋಲಿಸಿದ್ದು ಪೂರ್ತಿ ಘನ ಬ್ರಾಕೆಟ್ ಜೊತೆ, 60% ಹಗುರ” ಅಂತ ಉತ್ತರ ಬಂತು. ಬೋಲ್ಟಿನ ತೂತು ಇನ್ನೂ ನಾಲ್ಕು ಕೊರೆದಿದ್ದರೂ ಹಗುರವೇ ಆಗುತ್ತಿತ್ತು ಮಾರಾಯ, ಅದೇ 40% ತೂಕದ ಗಟ್ಟಿ ವಿನ್ಯಾಸ ಎಷ್ಟು ಬಾಗುತ್ತೆ ಹೇಳು ಅಂದೆ. ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.