ಚೀಟಿಯೊಂದನ್ನು ಕೊಡಿಸಿ, ಮಹಾನುಭಾವರೇ

ಮಾನ್ಯ ಜನಪ್ರತಿನಿಧಿಗಳೇ,

ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಗೇಣುದ್ದದ ರೈಲು ಹಳಿಯೂ ಇಲ್ಲ. ಹುಣಸೂರು, ಪಿರಿಯಾಪಟ್ಟಣಗಳಿಗೂ ಇಲ್ಲ. ಸುತ್ತಮುತ್ತ ಆ ಭಾಗ್ಯ ಕೆ.ಆರ್. ನಗರ, ನಂಜನಗೂಡುಗಳಂಥ ಊರುಗಳಿಗೆ. ಹಾಗಾಗಿ ನಾವು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ರೈಲು ಹತ್ತುವವರು. ಹಳಿ ಹಾಕಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಆ ಭರವಸೆ ತಮಗೆ ಮುಂದಿನ ಚುನಾವಣೆಗೂ ಬೇಕಾದೀತು. ನಮಗೆ ಬೇಕಿರುವುದು ನಿಲ್ದಾಣದಲ್ಲಿ ಕೂಲಿಗೂ ಆಟೋಗೂ ಕೊಡುವ ದುಡ್ಡಿಗೆ ಅಂಗೈಯಗಲದ ಒಂದು ಚೀಟಿ.

ನಿಯಮವೇ ಇಲ್ಲವೆಂದು ತಾವು ಹೇಳುವಂತಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಕೂಲಿಯವರ ದರದ ಫಲಕ ಇರುತ್ತದೆ. ತಲೆಹೊರೆಗೆ, ಎರಡು ಚಕ್ರದ ಕೈಗಾಡಿಗೆ, ಗಾಲಿಕುರ್ಚಿಗೆ ಬೇರೆ ಬೇರೆ ದರ. ಹೆಚ್ಚು ಹೊತ್ತು ಕಾಯಿಸಿದರೆ ಅದಕ್ಕೂ ದರ. ಕೂಲಿಯವನ ತೋಳಿನ ಹಿತ್ತಾಳೆ ಬಿಲ್ಲೆಯ ಮೇಲೆ ನಂಬರೂ ಇರುತ್ತದೆ. ಆದರೆ ದುಡ್ಡು ಕೊಟ್ಟದ್ದಕ್ಕೆ ಕೈಗೆ ಏನೂ ಬರುವುದಿಲ್ಲ. 2016ರ ರೈಲ್ವೆ ಬಜೆಟ್ಟಿನಲ್ಲಿ ಇವರಿಗೆ ‘ಸಹಾಯಕ’ ಎಂಬ ಹೊಸ ಹೆಸರು ಸಿಕ್ಕಿತು; ರಸೀದಿ ಪುಸ್ತಕ ಸಿಗಲಿಲ್ಲ. ರೈಲ್ವೆಯಿಂದ ಅವರಿಗೆ ಸಂಬಳವಿಲ್ಲ, ಹೊತ್ತ ಹೊರೆಯೇ ಅನ್ನ. ಗಾಲಿಯ ಸೂಟ್‌ಕೇಸು, ಲಿಫ್ಟು, ಎಸ್ಕಲೇಟರು ಆ ಅನ್ನವನ್ನೂ ಕಡಿಮೆ ಮಾಡಿವೆ. ಹೀಗಿರುವಾಗ ಅವರು ಚೌಕಾಸಿಗೆ ನಿಂತರೆ ತಪ್ಪು ಹೊರಿಸಲು ತಮಗೆ ಅಧಿಕಾರವಿಲ್ಲ.

ಆಟೋ ಬಾಡಿಗೆಯ ಲೆಕ್ಕ ಕಷ್ಟವೆಂದೂ ತಾವು ಹೇಳುವಂತಿಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಒಂದೂವರೆ ಪಟ್ಟು. ನಮ್ಮ ಕಡೆಯವರು ರೋಗಿಯನ್ನು ಕರೆದುಕೊಂಡು ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಿಂದ ನಿಮ್ಹಾನ್ಸಿಗೆ ಹೊರಟರೆನ್ನಿ. ದೂರ 7 ಕಿಲೋಮೀಟರು ಎಂದು ಹಿಡಿದರೆ 36ಕ್ಕೆ ಐದು ಹದಿನೆಂಟು ತೊಂಬತ್ತು ಸೇರಿ 126 ರೂಪಾಯಿ. ಬೆಳಗಿನ ಜಾವ ನಾಲ್ಕಕ್ಕೆ ಇಳಿದರೆ 189. ಐದನೇ ಕ್ಲಾಸಿನ ಹುಡುಗನಿಗೂ ಬರುವ ಈ ಲೆಕ್ಕವನ್ನು ಚೀಟಿಯ ಮೇಲೆ ಗಾಡಿ ನಂಬರಿನ ಜೊತೆ ಬರೆದುಕೊಟ್ಟರೆ ಪ್ರೀಪೇಯ್ಡ್ ಕೌಂಟರಿನ ಕೆಲಸ ಮುಗಿಯಿತು. ಆ ನಂಬರು ಕೌಂಟರಿನಲ್ಲೂ ಉಳಿಯುವುದರಿಂದ ಮರೆತ ಚೀಲ ಹುಡುಕಲು ದಾರಿಯಿರುತ್ತದೆ. ಕೇಳಿದ್ದೇ ದರವಾದರೆ ದೂರು ಕೊಡಲು ಸಾಕ್ಷಿಯಿರುತ್ತದೆ.

ಆದರೆ ಅಪರಾತ್ರಿಯಲ್ಲಿ ನಾನು ಇಳಿದ ಒಂದು ದೊಡ್ಡ ನಿಲ್ದಾಣದಲ್ಲಿ ಕೌಂಟರಿನ ಗಾಜಿನ ಹಿಂದೆ ಇದ್ದದ್ದು ಖಾಲಿ ಕುರ್ಚಿ. ಗಾಜಿಗೆ ಅಂಟಿಸಿದ ದರಪಟ್ಟಿ ಬಿಸಿಲಿಗೆ ಬೆಳ್ಳಗಾಗಿತ್ತು. ಹತ್ತು ಹೆಜ್ಜೆ ಆಚೆ ‘ಎಲ್ಲಿಗೆ ಸಾರ್, ಐನೂರು ಕೊಡಿ’ ಎನ್ನುವವರು ಮಾತ್ರ ಎಚ್ಚರವಾಗಿದ್ದರು. ಹಗಲು ಬಸ್ಸೂ ಮೆಟ್ರೋವೂ ಇರುತ್ತವೆ. ಚೀಟಿ ಬೇಕಾಗುವುದು ಅವು ನಿಂತ ಮೇಲೆ. ತಮ್ಮ ಕೌಂಟರು ಮಲಗುವುದೂ ಆಗಲೇ.

ಚಾಲಕರೇ ಕ್ಯೂಗೆ ಬರುವುದಿಲ್ಲ ಎಂಬ ಸಬೂಬನ್ನೂ ನೋಡೋಣ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ದರ 30 ಮತ್ತು 15 ರೂಪಾಯಿಯಾಯಿತು. ಮರುಪರಿಷ್ಕರಣೆಗೆ ಮೂರೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ಕಾಲ ಹಳೇ ದರಕ್ಕೆ ಗಾಡಿ ಓಡಿಸು ಎಂದರೆ ಕ್ಯೂ ಖಾಲಿಯಾಗದೆ ಇನ್ನೇನಾದೀತು? ದರ ನಿಗದಿಯಾಗಿದ್ದರಷ್ಟೇ ಸಾಲದು, ಕಾಲಕಾಲಕ್ಕೆ ಏರಲೂ ಬೇಕು. ತಮ್ಮ ಭತ್ಯೆಯ ವಿಷಯದಲ್ಲಿ ಈ ತತ್ವ ತಮಗೆ ಚೆನ್ನಾಗಿಯೇ ತಿಳಿದಿದೆ.

ಇನ್ನುಳಿದದ್ದು ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು. ನಿಲ್ದಾಣದ ಅಂಗಳ ರೈಲ್ವೆಯದು, ಕೌಂಟರು ಪೊಲೀಸರದು, ದರ ನಿಗದಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ್ದು ಎಂಬುದು ನಿಜ. ಆದರೆ ಕೌಂಟರಿನ ಟೇಪು ಕತ್ತರಿಸಿದ ದಿನ ಈ ಮೂವರನ್ನೂ ತಮ್ಮ ಎಡಬಲದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳಲು ವ್ಯಾಪ್ತಿ ಅಡ್ಡ ಬರಲಿಲ್ಲ. ‘ನಿಗದಿತ ದರ, ಕೈಯಲ್ಲಿ ರಸೀದಿ’ ಎಂದು ಮೈಕಿನಲ್ಲಿ ಹೇಳಿದವರೂ ತಾವೇ. ಅಂದು ತಮ್ಮ ಬ್ಯಾಗು ಹೊತ್ತವನಿಗೆ ಯಾವ ದರ ಕೊಟ್ಟಿರೆಂದು ನಾವು ಕೇಳುವುದಿಲ್ಲ. ತಮ್ಮ ಬ್ಯಾಗನ್ನು ತಾವೇ ಹೊತ್ತದ್ದನ್ನು ನಾವಂತೂ ನೋಡಿಲ್ಲ.

ಆದ್ದರಿಂದ ಬಿನ್ನಹ ಇಷ್ಟೇ. ಕೊನೆಯ ರೈಲು ಬರುವವರೆಗೂ ಕೌಂಟರಿನಲ್ಲಿ ಒಬ್ಬರನ್ನು ಕೂರಿಸಿ. ಮೀಟರ್ ದರ ಬದಲಾದ ದಿನವೇ ಕೌಂಟರಿನ ಪಟ್ಟಿಯನ್ನೂ ಬದಲಿಸಿ. ಕೂಲಿಯವರಿಗೆ ನಂಬರು ಹಾಕಿದ ರಸೀದಿ ಪುಸ್ತಕ ಕೊಡಿ. ಇದಕ್ಕೆ ಸಮಿತಿ ಬೇಡ, ಶಂಕುಸ್ಥಾಪನೆ ಬೇಡ. ಅದರಿಂದಲೇ ಇದು ಇನ್ನೂ ಆಗಿಲ್ಲವೇನೋ ಎಂಬ ಅನುಮಾನ ನಮ್ಮದು. ಅದು ಸುಳ್ಳೆಂದು ತೋರಿಸುವ ಅವಕಾಶ ತಮ್ಮದು.

ಇಂತಿ,
ಹ್ಯಾಂಡ್‌ಪೋಸ್ಟಿನ ಒಬ್ಬ ಪ್ರಯಾಣಿಕ