ಕೆಂಪು ಮೂತ್ರ, ಹಳದಿ ಕಣ್ಣು

ಟಿ.ಬಿ. ಮಾತ್ರೆ ಶುರು ಮಾಡಿದ ಮೊದಲ ದಿನವೇ ಮೂತ್ರ ಕೆಂಪಗೆ ಹೋಗುತ್ತದೆ. ಮನೆಯಲ್ಲಿ ಗಾಬರಿ ಹುಟ್ಟುತ್ತದೆ. 'ಮಾತ್ರೆ ಉಷ್ಣ, ಮೈಗೆ ಆಗುತ್ತಿಲ್ಲ' ಎಂದು ಯಾರೋ ಹಿರಿಯರು ಹೇಳುತ್ತಾರೆ. ಬಾರ್ಲಿ ನೀರು, ಎಳನೀರು ಬರುತ್ತದೆ, ಮಾತ್ರೆ ನಾಲ್ಕು ದಿನ ಕಪಾಟು ಸೇರುತ್ತದೆ. ಅದೇ ಮನೆಯಲ್ಲಿ ಮೂರು ವಾರದ ನಂತರ ರೋಗಿಗೆ ಅನ್ನ ಕಂಡರೆ ವಾಕರಿಕೆ ಬರತೊಡಗಿದರೆ, 'ಮಾತ್ರೆ ಅಂದ ಮೇಲೆ ಅಷ್ಟೂ ಆಗದೆ ಇರುತ್ತದೆಯೇ, ಬಿಡಬೇಡ, ನುಂಗು' ಎಂದು ಅದೇ ಹಿರಿಯರು ಒತ್ತಾಯಿಸುತ್ತಾರೆ.

ಎರಡೂ ಕಡೆ ತೀರ್ಮಾನ ತಲೆಕೆಳಗಾಗಿದೆ. ಮಾತ್ರೆ ಬಿಡಬಾರದಾಗಿದ್ದ ದಿನ ಬಿಟ್ಟರು, ನಿಲ್ಲಿಸಿ ಆಸ್ಪತ್ರೆಗೆ ಓಡಬೇಕಾಗಿದ್ದ ದಿನ ನುಂಗಿಸಿದರು. ಈ ಎರಡು ದಿನಗಳನ್ನು ಬೇರೆ ಮಾಡಿ ಗುರುತಿಸುವುದು ಟಿ.ಬಿ. ರೋಗಿ ಇರುವ ಪ್ರತಿ ಮನೆಗೂ ಗೊತ್ತಿರಬೇಕು ಎಂಬುದೇ ನನ್ನ ವಾದ.

ಇದು ಮನೆಯವರ ಹೊಣೆ ಹೇಗಾಯಿತು ಎಂದು ನೀವು ಕೇಳಬಹುದು. ನಮ್ಮ ಅಜ್ಜಂದಿರ ಕಾಲದಲ್ಲಿ ನಂಜನಗೂಡು, ತಿ. ನರಸೀಪುರ ಕಡೆಯ ಕ್ಷಯ ರೋಗಿಗಳು ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂಗೆ ಹೋಗಿ ತಿಂಗಳುಗಟ್ಟಲೆ ಮಲಗುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಸಹೋದರಿಯ ಹೆಸರಿನಲ್ಲಿ ಕಟ್ಟಿದ ಆಸ್ಪತ್ರೆ ಅದು. ಅಲ್ಲಿ ಬೆಳಗಾದರೆ ನರ್ಸ್ ಬಂದು ಮುಖ ನೋಡುತ್ತಿದ್ದರು. 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಅರ್ಧ ರೋಗಿಗಳನ್ನು ಸ್ಯಾನಟೋರಿಯಂನಲ್ಲಿ, ಇನ್ನರ್ಧ ರೋಗಿಗಳನ್ನು ಅವರ ಬಡ ಮನೆಗಳಲ್ಲೇ ಇಟ್ಟು ಒಂದೇ ಔಷಧ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅಲ್ಲಿಂದ ಮುಂದೆ ಟಿ.ಬಿ. ಚಿಕಿತ್ಸೆ ಮನೆಗೆ ಬಂತು. ಹಾಸಿಗೆಯ ಖರ್ಚು ಉಳಿಯಿತು, ಆದರೆ ಬೆಳಿಗ್ಗೆ ಮುಖ ನೋಡುತ್ತಿದ್ದ ನರ್ಸ್ ಜೊತೆಗೆ ಬರಲಿಲ್ಲ. ಆ ಕೆಲಸ ಈಗ ನಿಮ್ಮದು.

ಈಗಿನ ಚಿಕಿತ್ಸೆ ಏನೆಂದು ಮೊದಲು ತಿಳಿಯೋಣ. ಹೊಸದಾಗಿ ಟಿ.ಬಿ. ಬಂದ, ಔಷಧಕ್ಕೆ ಜಗ್ಗುವ ರೋಗಾಣು ಇರುವ ದೊಡ್ಡವರಿಗೆ ಒಟ್ಟು ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಝಿನಮೈಡ್, ಎಥಾಂಬುಟಾಲ್. ಉಳಿದ ನಾಲ್ಕು ತಿಂಗಳು ಪೈರಾಝಿನಮೈಡ್ ಬಿಟ್ಟು ಮೂರು. ಸರ್ಕಾರಿ ಕಾರ್ಯಕ್ರಮದಲ್ಲಿ ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುತ್ತಾರೆ, ದಿನಕ್ಕೆ ಎಷ್ಟು ಮಾತ್ರೆ ಎಂಬುದು ರೋಗಿಯ ತೂಕದ ಮೇಲೆ. 35ರಿಂದ 49 ಕೆ.ಜಿ. ಇರುವವರಿಗೆ ಮೂರು, 50ರಿಂದ 64 ಕೆ.ಜಿ. ಇರುವವರಿಗೆ ನಾಲ್ಕು. ಎಲ್ಲವನ್ನೂ ಒಂದೇ ಸಲಕ್ಕೆ ನುಂಗಬೇಕು.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಇದು: ಯಾವ ಔಷಧದಿಂದ ಯಾವ ತೊಂದರೆ? ಮೂತ್ರ ಕೆಂಪಾಗಿಸುವುದು ರಿಫಾಂಪಿಸಿನ್. ಅಂಗಾಲು ಜೋಮು ಹಿಡಿಸುವುದು ಐಸೋನಿಯಾಜಿಡ್, ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಎಂಬ ವಿಟಮಿನ್ ಕೊಡುತ್ತಾರೆ. ಕೀಲು ನೋಯಿಸುವುದು ಪೈರಾಝಿನಮೈಡ್. ಕಣ್ಣು ಮಂಜಾಗಿಸಿ ಕೆಂಪು ಹಸಿರು ಗುರುತು ಸಿಗದಂತೆ ಮಾಡುವುದು ಎಥಾಂಬುಟಾಲ್. ಹೀಗೆ ಒಂದೊಂದಕ್ಕೆ ಒಂದೊಂದನ್ನು ಜೋಡಿಸಿ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಆದರೆ ಜೀವಕ್ಕೆ ಎರವಾಗುವ ತೊಂದರೆ ಈ ಜೋಡಿಗಳಲ್ಲಿ ಇಲ್ಲ. ನಾಲ್ಕರಲ್ಲಿ ಮೂರು ಔಷಧಗಳು, ಎಥಾಂಬುಟಾಲ್ ಬಿಟ್ಟು ಉಳಿದೆಲ್ಲವೂ, ಒಂದೇ ಅಂಗದ ಮೇಲೆ ಭಾರ ಹಾಕುತ್ತವೆ. ಅದು ಲಿವರ್, ಅಂದರೆ ಪಿತ್ತಜನಕಾಂಗ. ಬಹುಪಾಲು ಜನರ ಲಿವರ್ ಈ ಭಾರವನ್ನು ತಾಳಿಕೊಳ್ಳುತ್ತದೆ. ಕೆಲವರದು ತಾಳುವುದಿಲ್ಲ, ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹೆಮ್ಮರಗಾಲದಂಥ ಊರಿನ ಒಬ್ಬ ತಾಯಿ, ತೂಕ 43 ಕೆ.ಜಿ. ಕಫದಲ್ಲಿ ಟಿ.ಬಿ. ಕಂಡು ದಿನಕ್ಕೆ ಮೂರು ಮಾತ್ರೆ ಶುರುವಾಗಿದೆ. ಶುರು ಮಾಡುವ ಮುನ್ನ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 28 ಇತ್ತು. ಲಿವರಿನ ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ವಸ್ತು ಇದು, ಸುಮಾರು 40ರ ಒಳಗಿದ್ದರೆ ಸರಿ.

ಮೊದಲ ದಿನ ಮೂತ್ರ ಕಿತ್ತಳೆ ಕೆಂಪು. ಬೆವರಿಗೂ ಕಣ್ಣೀರಿಗೂ ಅದೇ ಛಾಯೆ ಬರಬಹುದು, ಬಿಳಿ ಬಟ್ಟೆಗೆ ಕಲೆಯೂ ಹತ್ತಬಹುದು. ಇದು ರಕ್ತವಲ್ಲ, ಉಷ್ಣವೂ ಅಲ್ಲ. ರಿಫಾಂಪಿಸಿನ್ ಪುಡಿಯೇ ಇಟ್ಟಿಗೆ ಬಣ್ಣದ್ದು, ದೇಹದಿಂದ ಹೊರಬೀಳುವಾಗ ತನ್ನ ಬಣ್ಣವನ್ನೇ ತೋರಿಸುತ್ತದೆ. ಇದಕ್ಕಾಗಿ ಒಂದು ದಿನವೂ ಮಾತ್ರೆ ಬಿಡಬಾರದು.

ಮೊದಲ ವಾರ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಹೊಟ್ಟೆ ತೊಳಸಿತು. ಮಧ್ಯಾಹ್ನದ ಹೊತ್ತಿಗೆ ಸರಿಹೋಗಿ ಊಟ ಮಾಡಿದರು. ಇದೂ ಸಾಮಾನ್ಯ. ಡಾಕ್ಟರಿಗೆ ಹೇಳಿದರೆ ರಾತ್ರಿ ಮಲಗುವಾಗ ಅಥವಾ ಸ್ವಲ್ಪ ತಿಂಡಿಯ ಜೊತೆ ನುಂಗಲು ಹೇಳುತ್ತಾರೆ. ಬೆಳಿಗ್ಗೆ ಎರಡು, ರಾತ್ರಿ ಒಂದು ಎಂದು ನೀವೇ ಹಂಚಬೇಡಿ. ಹಂಚಿದರೆ ರಕ್ತದಲ್ಲಿ ಔಷಧದ ಮಟ್ಟ ರೋಗಾಣುವನ್ನು ಕೊಲ್ಲುವಷ್ಟು ಏರುವುದಿಲ್ಲ. ರಮಝಾನಿನಲ್ಲಿ ಸಹರಿಗೆ ಅರ್ಧ, ಇಫ್ತಾರಿಗೆ ಅರ್ಧ ಮಾಡುವುದೂ ಇದೇ ತಪ್ಪು. ಉಪವಾಸ ಹಿಡಿಯುವಷ್ಟು ಚೇತರಿಸಿಕೊಂಡಿದ್ದಾರೆ ಎಂದು ಡಾಕ್ಟರ್ ಒಪ್ಪಿದರೆ ದಿನದ ಅಷ್ಟೂ ಮಾತ್ರೆಗಳನ್ನು ಒಂದೇ ಹೊತ್ತಿನಲ್ಲಿ ನುಂಗಬೇಕು. ಒಪ್ಪದಿದ್ದರೆ, ಕಾಯಿಲೆಯವರು ಬೇರೆ ದಿನಗಳಲ್ಲಿ ಉಪವಾಸ ಪೂರೈಸಲು ರಿಯಾಯಿತಿ ಇದ್ದೇ ಇದೆ.

ನಾಲ್ಕನೇ ವಾರದಲ್ಲಿ ಚಿತ್ರ ಬದಲಾಯಿತು. ವಾಕರಿಕೆ ಈಗ ಮಾತ್ರೆಯ ಹಿಂದೆ ಬಂದು ಹೋಗುವುದಿಲ್ಲ, ದಿನವಿಡೀ ಇರುತ್ತದೆ. ಊಟ ಸೇರುವುದಿಲ್ಲ, ಚಹಾ ಕೂಡ ಬೇಡ. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ, ಎದ್ದು ನಿಲ್ಲಲಾರದ ಸುಸ್ತು. ಇದೇ ಗುರುತು. ಕಣ್ಣು ಹಳದಿಯಾಗುವುದು ಸಾಮಾನ್ಯವಾಗಿ ಇದರ ನಂತರ. ಅಲ್ಲಿಯವರೆಗೆ ಕಾದವರು ಆಗಲೇ ತಡ ಮಾಡಿದ್ದಾರೆ.

ಇಲ್ಲೊಂದು ಮೋಸವಿದೆ, ಗಮನಿಸಿ. ಕಾಮಾಲೆ ಬಂದರೆ ಮೂತ್ರದ ಬಣ್ಣ ಗಾಢವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಈ ರೋಗಿಯ ಮೂತ್ರ ಮೊದಲ ದಿನದಿಂದಲೇ ಕೆಂಪು. ನಿರಪಾಯದ ಬಣ್ಣವೊಂದು ಅಪಾಯದ ಬಣ್ಣವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಮೂತ್ರ ನೋಡಿ ತೀರ್ಮಾನಿಸಬೇಡಿ. ರೋಗಿಯನ್ನು ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಕೂರಿಸಿ, ಮೇಲಕ್ಕೆ ನೋಡಲು ಹೇಳಿ, ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿ ಭಾಗ ನೋಡಿ. ರಾತ್ರಿಯ ಬಲ್ಬಿನ ಬೆಳಕಿನಲ್ಲಿ ನಸು ಹಳದಿ ಕಾಣುವುದಿಲ್ಲ.

ಆ ದಿನ ಮಾತ್ರೆ ನುಂಗಿಸದೆ, ಚೀಟಿ ಮತ್ತು ಮಾತ್ರೆಯ ಪಟ್ಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ನಂಜನಗೂಡಿನ ಆಸ್ಪತ್ರೆಗೋ ಹೋಗಬೇಕು. ಲಕ್ಷಣ ಇದ್ದಾಗ ಎಸ್‌ಜಿಪಿಟಿ ಸಹಜ ಮಿತಿಯ ಮೂರು ಪಟ್ಟು, ಅಂದರೆ ಸುಮಾರು 120 ದಾಟಿದರೆ, ಲಕ್ಷಣ ಇಲ್ಲದವರಿಗೆ ಐದು ಪಟ್ಟು, ಅಂದರೆ ಸುಮಾರು 200 ದಾಟಿದರೆ ಡಾಕ್ಟರು ಔಷಧ ನಿಲ್ಲಿಸುತ್ತಾರೆ. ಕಾಮಾಲೆ ಕಂಡರಂತೂ ನಿಲ್ಲಿಸಲೇಬೇಕು. ನಮ್ಮ ಉದಾಹರಣೆಯ ತಾಯಿಗೆ 310 ಬಂತು, ಕಣ್ಣು ಹಳದಿ ತಿರುಗಿತ್ತು. ಔಷಧ ನಿಂತಿತು. ಎರಡು ವಾರದ ನಂತರ ಎಸ್‌ಜಿಪಿಟಿ 62ಕ್ಕೆ ಇಳಿಯಿತು. ಎರಡು ಪಟ್ಟಿಗಿಂತ, ಅಂದರೆ 80ಕ್ಕಿಂತ, ಕೆಳಗೆ ಬಂದ ಮೇಲೆ ಔಷಧಗಳನ್ನು ಒಂದೊಂದಾಗಿ ಮರಳಿ ತರುತ್ತಾರೆ. ಮೊದಲು ರಿಫಾಂಪಿಸಿನ್, ಎಥಾಂಬುಟಾಲ್ ಜೊತೆ. ಕೆಲವು ದಿನ ಬಿಟ್ಟು ರಕ್ತ ನೋಡಿ ಐಸೋನಿಯಾಜಿಡ್. ತೊಂದರೆ ತೀವ್ರವಾಗಿದ್ದರಿಂದ ಪೈರಾಝಿನಮೈಡನ್ನು ಮತ್ತೆ ಕೊಡಲಿಲ್ಲ, ಬದಲಿಗೆ ಚಿಕಿತ್ಸೆಯನ್ನು ಆರರಿಂದ ಒಂಬತ್ತು ತಿಂಗಳಿಗೆ ಬೆಳೆಸಿದರು. ಮೂರು ತಿಂಗಳು ಹೆಚ್ಚಾಯಿತು, ಆದರೆ ಟಿ.ಬಿ. ಗುಣವಾಗುತ್ತದೆ, ಲಿವರೂ ಉಳಿಯುತ್ತದೆ.

ಇದೇ ತಾಯಿಯ ಕಥೆ ಬೇರೆ ದಾರಿಯಲ್ಲೂ ಹೋಗಬಹುದಿತ್ತು. ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ನಾಟಿ ಔಷಧ ಮತ್ತು ಪಥ್ಯ. ಸೊಪ್ಪಿನ ರಸ ಕುಡಿಸುತ್ತಾ, ಬೆಳಿಗ್ಗೆ ಟಿ.ಬಿ. ಮಾತ್ರೆಯನ್ನೂ ನುಂಗಿಸುತ್ತಾ ಹೋದರೆ ಲಿವರಿನ ಮೇಲೆ ಭಾರ ಹಾಕುತ್ತಿರುವ ಕಾರಣ ಹಾಗೇ ಉಳಿಯುತ್ತದೆ, ಅದರ ಮೇಲೆ ಏನು ಬೆರೆತಿದೆಯೋ ತಿಳಿಯದ ಇನ್ನೊಂದು ಔಷಧ ಸೇರುತ್ತದೆ. ನಾನು ನಾಟಿ ವೈದ್ಯರನ್ನು ಹೀಗಳೆಯುತ್ತಿಲ್ಲ. ಬೇರೆ ಕಾರಣದ ಕೆಲವು ಕಾಮಾಲೆಗಳು ತಾವಾಗಿಯೇ ಇಳಿಯುತ್ತವೆ, ಅದರ ಹೆಸರು ಸೊಪ್ಪಿಗೆ ಬರುತ್ತದೆ. ಈ ಕಾಮಾಲೆ ಹಾಗಲ್ಲ, ಮಾತ್ರೆ ನಿಲ್ಲದೆ ಇಳಿಯುವುದಿಲ್ಲ.

ಹಾಗಾದರೆ ಎಲ್ಲರಿಗೂ ತಿಂಗಳು ತಿಂಗಳು ಲಿವರ್ ಪರೀಕ್ಷೆ ಮಾಡಿಸಬಾರದೇ? ಕೇಳುವುದು ಸರಿ, ಆದರೆ ನಾನು ಹಾಗೆ ಹೇಳಲಾರೆ. ಮೊದಲ ವಾರಗಳಲ್ಲಿ ಅನೇಕರ ಎಸ್‌ಜಿಪಿಟಿ ಸ್ವಲ್ಪ ಏರಿ, ಔಷಧ ನಡೆಯುತ್ತಿರುವಾಗಲೇ ತಾನಾಗಿ ಇಳಿಯುತ್ತದೆ. 70 ಎಂಬ ಅಂಕಿ ಕಂಡು ಹೆದರಿ ಮಾತ್ರೆ ಬಿಟ್ಟವರಿಗೆ ಪರೀಕ್ಷೆಯೇ ಕೇಡಾಗುತ್ತದೆ. ನಾನು ಕೇಳುವುದು ಇಷ್ಟು: ಶುರು ಮಾಡುವ ಮುನ್ನ ಪ್ರತಿಯೊಬ್ಬರಿಗೂ ಒಂದು ಪರೀಕ್ಷೆ ಆಗಲಿ, ಮುಂದಿನ ಅಂಕಿಗಳನ್ನು ಹೋಲಿಸಲು ಅದು ಬೇಕು. ಹಳೆಯ ಲಿವರ್ ಕಾಯಿಲೆ, ಹೆಪಟೈಟಿಸ್ ಬಿ, ಮದ್ಯದ ಚಟ, ಎಚ್‌ಐವಿ ಇದ್ದವರಿಗೆ, ಗರ್ಭಿಣಿ ಬಾಣಂತಿಯರಿಗೆ, ವಯಸ್ಸಾದವರಿಗೆ, ತೀರಾ ಸೊರಗಿದವರಿಗೆ ಮಧ್ಯೆ ಮಧ್ಯೆ ಆಗಲಿ. ಉಳಿದವರಿಗೆ ಲಕ್ಷಣ ಕಂಡ ದಿನವೇ ಆಗಲಿ, 'ಮುಂದಿನ ತಿಂಗಳು ಬನ್ನಿ' ಎನ್ನುವುದು ಬೇಡ.

ಲಕ್ಷಣ ಮೊದಲು ಕಾಣುವುದು ಅಡುಗೆಮನೆಯಲ್ಲಿ. ಆಶಾ ಕಾರ್ಯಕರ್ತೆ ಬಂದಾಗ 'ಮಾತ್ರೆ ತಗೊಂಡ್ರಾ?' ಎಂದು ಕೇಳುತ್ತಾರೆ, ಮಾತ್ರೆಯ ಲೆಕ್ಕ ಬರೆದುಕೊಳ್ಳುತ್ತಾರೆ. ಆ ಪ್ರಶ್ನೆ ಬೇಕು, ಆದರೆ ಅದೊಂದೇ ಸಾಲದು. ಮಾತ್ರೆ ಕೊಡುವ ಕೈಯೇ ದಿನವೂ ಇನ್ನೊಂದು ಪ್ರಶ್ನೆ ಕೇಳಲಿ: 'ನಿನ್ನೆ ಊಟ ಸೇರಿತಾ?' ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಕಣ್ಣು ನೋಡಲಿ. ಮೂತ್ರ ಕೆಂಪಗಿದ್ದು ಊಟ ಸೇರುತ್ತಿದ್ದರೆ ಮಾತ್ರೆ ಮುಂದುವರಿಯಲಿ. ಎರಡು ದಿನ ಊಟ ಸೇರದಿದ್ದರೆ, ಕಣ್ಣು ಹಳದಿಯಾಗುವವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.